ಗೊತ್ತಿಲ್ಲದವರು ಮಾತಾಡಿಸಿದಾಗ ‘ನೀನು’ ಎನ್ನಬೇಕೋ, ‘ನೀವು’ ಎನ್ನಬೇಕೋ?

ಪ್ರಶ್ನೆ: ನಾನು ಹುಟ್ಟಿ ಬೆಳೆದದ್ದು ಪುಣೆಯಲ್ಲಿ. ಮನೆಯಲ್ಲಿ ಕನ್ನಡವೇ, ಆದರೆ ಅಪ್ಪ, ಅಮ್ಮ, ಅಜ್ಜಿ ಎಲ್ಲರಿಗೂ ‘ನೀನು’ ಅಂತಲೇ ಅಭ್ಯಾಸ. ಈಗ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದೇನೆ. ಲಿಫ್ಟಿನಲ್ಲಿ, ಬಸ್ಸಿನಲ್ಲಿ ಗೊತ್ತಿಲ್ಲದವರು ‘ಚೆನ್ನಾಗಿದ್ದೀರಾ’, ‘ತಿಂಡಿ ಆಯ್ತಾ’, ಕೆಲವೊಮ್ಮೆ ‘ಏನಮ್ಮಾ, ಹೆಂಗಿದ್ದೀಯಾ’ ಅಂತ ಕೇಳುತ್ತಾರೆ. ತಿರುಗಿ ಕೇಳುವಾಗ ತಡವರಿಸುತ್ತೇನೆ. ಅವರು ‘ನೀನು’ ಅಂದರೆ ನಾನೂ ಅನ್ನಬಹುದೇ? ಸೆಕ್ಯುರಿಟಿಯವರಿಗೆ, ಆಟೋದವರಿಗೆ ಏನು ಅನ್ನಬೇಕು? ತಪ್ಪಿ ‘ನೀನು’ ಬಂದುಬಿಟ್ಟರೆ ಏನು ಮಾಡುವುದು?

ಉತ್ತರ: ಎದುರಿಗಿರುವವರು ಶಾಲೆಗೆ ಹೋಗುವ ಮಗುವಲ್ಲದಿದ್ದರೆ, ಅವರು ನಿಮ್ಮನ್ನು ಹೇಗೆ ಕರೆದರೂ, ನಿಮ್ಮ ಮೊದಲ ಉತ್ತರ ಬಹುವಚನದಲ್ಲೇ ಇರಲಿ. ಸೆಕ್ಯುರಿಟಿಯವರಿಗೂ ಅದೇ, ಆಟೋದವರಿಗೂ ಅದೇ, ನಿಮಗಿಂತ ನಾಲ್ಕು ವರ್ಷ ಚಿಕ್ಕವರಾದ ಅಂಗಡಿಯ ಹುಡುಗನಿಗೂ ಅದೇ. ಬಹುವಚನ ಕೊಟ್ಟದ್ದಕ್ಕೆ ಅಪರಿಚಿತರು ಬೇಸರ ಮಾಡಿಕೊಳ್ಳುವುದಿಲ್ಲ. ಏಕವಚನ ಕೇಳಿ ಮುಖ ಗಂಟಿಕ್ಕುವವರು ದಿನಕ್ಕೊಬ್ಬರು ಸಿಗುತ್ತಾರೆ. ಯಾವುದನ್ನು ಆರಿಸಬೇಕು ಎಂಬುದು ಇಷ್ಟು ಸುಲಭ. ನಿಮಗೆ ಕಷ್ಟವಾಗುತ್ತಿರುವುದು ಆರಿಸಿದ್ದನ್ನು ವಾಕ್ಯದ ಕೊನೆಯವರೆಗೂ ಉಳಿಸಿಕೊಳ್ಳುವುದರಲ್ಲಿ. ಹಾಗಾಗಿ ಹೆಚ್ಚು ಜಾಗವನ್ನು ಅದಕ್ಕೇ ಕೊಡುತ್ತೇನೆ.

ಮನೆಯಲ್ಲಿ ಮಾತ್ರ ಕನ್ನಡ ಕಲಿತವರಿಗೆಲ್ಲ ಇದೇ ತೊಂದರೆ. ‘ನೀವು’ ಎಂಬ ಪದ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಗೊತ್ತಿಲ್ಲದಿರುವುದು ಅದರ ಜೊತೆ ಬರಬೇಕಾದ ಕ್ರಿಯಾಪದ, ಏಕೆಂದರೆ ಅದನ್ನು ಬಾಯಿಬಿಟ್ಟು ಹೇಳುವ ಸಂದರ್ಭವೇ ಮನೆಯಲ್ಲಿ ಬಂದಿರುವುದಿಲ್ಲ. ಅದರಿಂದಲೇ ‘ನೀವು ಎಲ್ಲಿಗೆ ಹೋಗ್ತಾ ಇದ್ದೀಯಾ?’, ‘ಅಂಕಲ್, ನೀವು ಕೂತ್ಕೋ’, ‘ಸಾರ್, ಬಾ’ ಎಂಬಂಥ ಮಾತುಗಳು ಹೊರಡುತ್ತವೆ. ಇಂಥ ಬೆರಕೆ ಶುದ್ಧ ಏಕವಚನಕ್ಕಿಂತಲೂ ಕಿವಿಗೆ ಹೆಚ್ಚು ಚುಚ್ಚುತ್ತದೆ. ಮೊದಲು ಮರ್ಯಾದೆ ಕೊಟ್ಟು ಆಮೇಲೆ ಕಿತ್ತುಕೊಂಡ ಹಾಗೆ ಕೇಳಿಸುತ್ತದೆ.

ಕನ್ನಡದಲ್ಲಿ ಮರ್ಯಾದೆ ತಿಳಿಯುವುದು ‘ನೀವು’ ಎಂಬ ಪದಕ್ಕಿಂತ ಹೆಚ್ಚಾಗಿ ಕ್ರಿಯಾಪದದ ಕೊನೆಯಿಂದ. ದಿನಬಳಕೆಯ ಮಾತಿನಲ್ಲಿ ‘ನೀನು’, ‘ನೀವು’ ಎರಡನ್ನೂ ಬಿಟ್ಟೇ ಮಾತಾಡುತ್ತೇವೆ. ‘ಚೆನ್ನಾಗಿದ್ದೀರಾ?’ ಎಂದು ಕೇಳುವವರು ‘ನೀವು’ ಎಂದು ಹೇಳಿರುವುದೇ ಇಲ್ಲ, ಆದರೂ ಗೌರವ ಪೂರ್ತಿ ಬಂದಿದೆ. ‘ಚೆನ್ನಾಗಿದ್ದೀಯಾ?’ ಎಂಬುದಕ್ಕೂ ಅದಕ್ಕೂ ಇರುವುದು ‘ಯ’ ಮತ್ತು ‘ರ’ದ ವ್ಯತ್ಯಾಸ ಮಾತ್ರ. ಅವಸರದಲ್ಲಿ ನಾಲಿಗೆ ಮನೆಯ ರೂಢಿಗೆ ಜಾರುವುದು ಈ ಒಂದು ಅಕ್ಷರದಲ್ಲೇ.

ಆದ್ದರಿಂದ ಮೊದಲು ಮಾಡಬೇಕಾದ್ದು ‘ನೀವು’ ಎಂಬ ಪದವನ್ನು ಬಿಟ್ಟು ಬರೀ ಕ್ರಿಯಾಪದವನ್ನು ಬಾಯಿಗೆ ಕೂರಿಸುವುದು. ಎದುರಾದವರ ಜೊತೆ ಒಂದು ನಿಮಿಷ ಮಾತಾಡಲು ಬೇಕಾಗುವುದು ಕೆಲವೇ ರೂಪಗಳು: ಇದ್ದೀರಾ, ಬಂದ್ರಾ, ಹೊರಟ್ರಾ, ಬನ್ನಿ, ಹೇಳಿ, ನೋಡಿ, ಇರಿ, ಕೂತ್ಕೊಳ್ಳಿ, ತಗೊಳ್ಳಿ. ಹೆಚ್ಚಿನ ಕ್ರಿಯಾಪದಗಳಲ್ಲಿ ಕೊನೆಯ ‘ಉ’ ಹೋಗಿ ‘ಇ’ ಬರುತ್ತದೆ: ಹೇಳು ಹೇಳಿ ಆಗುತ್ತದೆ, ನೋಡು ನೋಡಿ, ಇರು ಇರಿ, ಹೋಗು ಹೋಗಿ. ಎಡವುವುದು ಈ ಸಾಲಿಗೆ ಸೇರದ ಕೆಲವು ಪದಗಳಲ್ಲಿ. ‘ಬಾ’ ಎಂಬುದು ‘ಬನ್ನಿ’ ಆಗುತ್ತದೆ, ‘ತಾ’ ಎಂಬುದು ‘ತನ್ನಿ’. ‘ತಗೋ’ ‘ತಗೊಳ್ಳಿ’ ಆಗುತ್ತದೆ, ‘ಕೂತ್ಕೋ’ ‘ಕೂತ್ಕೊಳ್ಳಿ’. ಇವಿಷ್ಟನ್ನು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ, ಮನಸ್ಸಿನಲ್ಲಿ ಓದಿಕೊಂಡರೆ ಸಾಲದು. ಇದರ ಜೊತೆ ‘ನಿನ್ನ’ ಹೋಗಿ ‘ನಿಮ್ಮ’ ಬರಬೇಕು, ‘ನಿನಗೆ’ ಹೋಗಿ ‘ನಿಮಗೆ’, ‘ನಿಂದು’ ಹೋಗಿ ‘ನಿಮ್ಮದು’. ಕೊನೆಯದನ್ನು ವಿಶೇಷವಾಗಿ ಗಮನಿಸಿ, ಏಕೆಂದರೆ ಕುಶಲ ವಿಚಾರಿಸಿದವರಿಗೆ ಮರುಪ್ರಶ್ನೆ ಹಾಕುವಾಗ ಎಲ್ಲಕ್ಕಿಂತ ಮೊದಲು ಬೇಕಾಗುವ ಪದವೇ ಅದು.

ಪುಣೆಯಲ್ಲಿ ಬೆಳೆದದ್ದು ನಿಮಗೆ ಒಂದು ಕಡೆಯಿಂದ ಅನುಕೂಲ, ಇನ್ನೊಂದು ಕಡೆಯಿಂದ ತೊಡಕು. ಮರಾಠಿಯ ಲೆಕ್ಕ ಕನ್ನಡಕ್ಕೆ ಚೆನ್ನಾಗಿ ಹೊಂದುತ್ತದೆ. ‘ತೂ’ ಎಂಬ ಜಾಗದಲ್ಲಿ ‘ನೀನು’, ‘ತುಮ್ಹೀ’ ಎಂಬ ಜಾಗದಲ್ಲಿ ‘ನೀವು’, ತೀರಾ ಗೌರವದ ‘ಆಪಣ್’ ಜಾಗದಲ್ಲಿ ‘ತಾವು’ ಇಟ್ಟುಕೊಂಡರೆ ಬಹುಪಾಲು ಸಂದರ್ಭಗಳಲ್ಲಿ ತಪ್ಪಾಗದು. ‘ಜೇವಣ್ ಝಾಲಂ ಕಾ’ ಎಂದು ಕೇಳುವ ರೂಢಿಯೂ ‘ಊಟ ಆಯ್ತಾ’ ಎಂಬುದರ ಅಚ್ಚಿನಲ್ಲೇ ಇದೆ. ತೊಡಕು ಹಿಂದಿಯದು. ಹಿಂದಿಯಲ್ಲಿ ‘ತೂ’ ಮತ್ತು ‘ಆಪ್’ ನಡುವೆ ‘ತುಮ್’ ಎಂಬ ಮೆಟ್ಟಿಲಿದೆ. ಸಹೋದ್ಯೋಗಿಗೆ, ಓರಗೆಯವರಿಗೆ, ಅಂಗಡಿಯವರಿಗೆ ಅದು ನಡೆಯುತ್ತದೆ. ಆ ಮೆಟ್ಟಿಲು ಕನ್ನಡದಲ್ಲಿಲ್ಲ. ‘ತುಮ್’ ಎನ್ನುವ ಮನಸ್ಸಿನಲ್ಲೇ ‘ನೀನು’ ಎಂದರೆ ಕೇಳುವವರ ಕಿವಿಗೆ ಅದು ‘ತೂ’ ಆಗಿ ತಲುಪುತ್ತದೆ. ಆಫೀಸಿನಲ್ಲಿ ದಿನವಿಡೀ ಹಿಂದಿ, ಇಂಗ್ಲಿಷ್ ಮಾತಾಡಿ ಹೊರಗೆ ಬಂದು ಕನ್ನಡಕ್ಕೆ ಹೊರಳುವವರು ಈ ತಪ್ಪನ್ನು ತಿಳಿಯದೆಯೇ ಮಾಡುತ್ತಾರೆ.

ಇನ್ನು ನೀವು ಹೇಳಿದ ಲಿಫ್ಟಿಗೆ ಬರೋಣ. ಬೆಳಗ್ಗೆ ಎಂಟೂವರೆ, ಐವತ್ತೈದರ ಆಸುಪಾಸಿನ ಒಬ್ಬರು ಹಾಲಿನ ಪ್ಯಾಕೆಟ್ ಹಿಡಿದು ಒಳಗೆ ಬರುತ್ತಾರೆ. ‘ಏನಮ್ಮಾ, ಹೊಸದಾಗಿ ಬಂದಿದ್ದೀಯಾ? ಹೆಂಗಿದ್ದೀಯಾ? ತಿಂಡಿ ಆಯ್ತಾ?’ ಎನ್ನುತ್ತಾರೆ. ಇಲ್ಲಿ ಏಕವಚನವಿದೆ, ಆದರೆ ಮುಂದೆ ‘ಅಮ್ಮಾ’ ಇದೆ. ಹಿರಿಯರು ಕಿರಿಯರಿಗೆ ‘ಅಮ್ಮಾ’, ‘ಅಪ್ಪಾ’, ‘ಮಗಳೇ’ ಸೇರಿಸಿ ಆಡುವ ಏಕವಚನ ಮಮತೆಯದು, ಅದರಲ್ಲಿ ಕೀಳು ಮಾಡುವ ಉದ್ದೇಶವಿಲ್ಲ. ಹಾಗೆಂದು ಅದನ್ನು ಹಾಗೇ ಹಿಂದಿರುಗಿಸುವ ಹಾಗಿಲ್ಲ. ವಯಸ್ಸಿನಿಂದ ಬಂದ ಏಕವಚನ ಕೆಳಗಿಳಿಯುತ್ತದೆಯೇ ಹೊರತು ಮೇಲೆ ಹತ್ತುವುದಿಲ್ಲ. ಅವರು ‘ನೀನು’, ನೀವು ‘ನೀವು’ ಎಂದು ವರ್ಷಗಟ್ಟಲೆ ನಡೆದರೂ ಅದು ಸಹಜವೇ. ಬಹುಪಾಲು ಅತ್ತೆ–ಸೊಸೆ, ಮೇಷ್ಟ್ರು–ಶಿಷ್ಯರ ಮಾತು ಹೀಗೇ ನಡೆಯುತ್ತದೆ.

ನಿಮ್ಮ ಉತ್ತರ ಹೀಗಿರಬಹುದು: ‘ಹೂಂ ಸಾರ್, ಹೋದ ವಾರ ಬಂದೆ. ಚೆನ್ನಾಗಿದ್ದೀನಿ. ತಿಂಡಿ ಆಯ್ತು. ನಿಮ್ಮದಾಯ್ತಾ?’ ಈ ನಾಲ್ಕು ತುಣುಕುಗಳಲ್ಲಿ ಎದುರಿನವರನ್ನು ಕುರಿತ ಮಾತು ಕೊನೆಯದೊಂದೇ. ಮೊದಲ ಮೂರೂ ನಿಮ್ಮ ಬಗ್ಗೆ, ಅವುಗಳಲ್ಲಿ ಏಕವಚನ, ಬಹುವಚನದ ಪ್ರಶ್ನೆ ಏಳುವುದಿಲ್ಲ. ಹಾಗಿದ್ದರೂ ಮೊದಲ ತುಣುಕಿನಲ್ಲಿ ‘ಸಾರ್’ ಇರುವುದನ್ನು ನೋಡಿ. ಬರೀ ‘ಹೂಂ, ಹೋದ ವಾರ ಬಂದೆ’ ಎಂದರೆ ವ್ಯಾಕರಣದಲ್ಲಿ ತಪ್ಪಿಲ್ಲ, ಮಾತು ಮಾತ್ರ ಬೋಳಾಗಿ ಕೇಳುತ್ತದೆ. ಸಾರ್, ಮೇಡಂ, ಅಣ್ಣ, ಅಕ್ಕ, ಅಜ್ಜಿ ಇವುಗಳಲ್ಲಿ ಒಂದನ್ನು ಮೊದಲ ವಾಕ್ಯದಲ್ಲೇ ಇಟ್ಟುಬಿಟ್ಟರೆ ಎರಡು ಲಾಭ. ಕೇಳಿದವರಿಗೆ ಗೌರವ ತಲುಪುತ್ತದೆ, ಹೇಳಿದ ನಿಮಗೆ ಮುಂದಿನ ಕ್ರಿಯಾಪದ ಯಾವುದಿರಬೇಕೆಂಬ ನೆನಪೂ ಆಗುತ್ತದೆ. ‘ಸಾರ್’ ಎಂದ ನಾಲಿಗೆ ‘ನಿಂದಾಯ್ತಾ’ ಎನ್ನಲು ಹಿಂಜರಿಯುತ್ತದೆ. ನಿಮ್ಮಂತೆ ಮನೆಯಲ್ಲಿ ಏಕವಚನದಲ್ಲೇ ಬೆಳೆದವರು ‘ಅಮ್ಮ’, ‘ಅಜ್ಜಿ’ ಎಂದು ಶುರು ಮಾಡಿದರೆ ಇದೇ ತಂತ್ರ ತಿರುಗುಮುರುಗಾಗುತ್ತದೆ, ಏಕೆಂದರೆ ಆ ಪದಗಳ ಹಿಂದೆ ‘ನೀನು’ ತಾನಾಗಿ ಬರುವುದು ನಿಮಗೆ ರೂಢಿ. ಕೈ ಕುದುರುವವರೆಗೆ ‘ಸಾರ್’, ‘ಮೇಡಂ’ ಹಿಡಿದುಕೊಳ್ಳಿ. ‘ಆಂಟಿ’ ಎಂಬುದನ್ನು ಬೆಂಗಳೂರಿನಲ್ಲಿ ಜೋಪಾನವಾಗಿ ಬಳಸಿ. ನಲವತ್ತರ ಹೆಂಗಸರಿಗೆ ಅದು ಹಿಡಿಸದೇ ಇರಬಹುದು, ‘ಮೇಡಂ’ ಎಂದರೆ ಆ ಅಪಾಯವಿಲ್ಲ.

ಮುಂದೆ ಅವರು ಮನೆಯವರ ಬಗ್ಗೆ ಮಾತು ತೆಗೆದು, ಮಗ ಎಲ್ಲೋ ಓದುತ್ತಿದ್ದಾನೆ ಎಂದು ಹೇಳಿದರು ಎಂದುಕೊಳ್ಳಿ. ಅವರು ‘ಓದ್ತಿದ್ದಾನೆ’ ಎಂದದ್ದು ತಂದೆಯಾಗಿ. ನೀವು ತಿರುಗಿ ಕೇಳುವಾಗ ‘ಅವನು ಯಾವಾಗ ಬರ್ತಾನೆ?’ ಎಂದರೆ, ಅವರಿಗೆ ಕೊಟ್ಟ ಮರ್ಯಾದೆಯನ್ನು ಅವರ ಮಗನ ಮೂಲಕ ಹಿಂತೆಗೆದ ಹಾಗಾಗುತ್ತದೆ. ‘ನಿಮ್ಮ ಮಗ ಯಾವಾಗ ಬರ್ತಾರೆ?’ ಎಂದೇ ಕೇಳಿ. ಮಗ ಚಿಕ್ಕ ಹುಡುಗನೆಂದು ತಿಳಿದ ಮೇಲೆ ‘ಬರ್ತಾನೆ’ ಎಂದರೆ ಏನೂ ತೊಂದರೆಯಿಲ್ಲ.

ಈಗ ನೀವು ಕೇಳಿದ ‘ತಿಂಡಿ ಆಯ್ತಾ’. ಈ ವಾಕ್ಯದಲ್ಲಿ ‘ನೀನು’ ಇಲ್ಲ, ‘ನೀವು’ ಇಲ್ಲ. ಆದದ್ದು ತಿಂಡಿ, ಕ್ರಿಯಾಪದ ಹೊಂದಿಕೊಳ್ಳುವುದೂ ತಿಂಡಿಗೇ. ಮಂತ್ರಿಗೂ ಮಗುವಿಗೂ ಇದನ್ನು ಅಕ್ಷರ ಬದಲಿಸದೆ ಕೇಳಬಹುದು. ಕನ್ನಡದಲ್ಲಿ ಇಂಥ ವಾಕ್ಯಗಳು ಧಾರಾಳವಾಗಿವೆ. ಎದುರಿನವರ ವಯಸ್ಸು, ಸ್ಥಾನ ಅಂದಾಜಿಗೆ ಸಿಗದಾಗ ಕನ್ನಡಿಗರು ಬಹುಕಾಲದಿಂದ ಇವನ್ನೇ ನೆಚ್ಚಿಕೊಂಡಿದ್ದಾರೆ. ‘ಎಲ್ಲಿಗೆ ಹೊರಟ್ರಿ?’ ಎಂಬುದರ ಬದಲು ‘ಎಲ್ಲಿಗೆ ಹೊರಟಿದ್ದು?’ ಎನ್ನಬಹುದು. ‘ಎಲ್ಲಿರ್ತೀರಿ?’ ಎಂಬುದರ ಬದಲು ‘ಇಲ್ಲೇ ಇರೋದಾ?’ ಎನ್ನಬಹುದು. ಊರು ಕೇಳಲು ‘ಯಾವೂರಾಯ್ತು?’, ಹೆಸರು ಕೇಳಲು ‘ಹೆಸರೇನಾಯ್ತು?’ ಎನ್ನುತ್ತಾರೆ. ಹಳೇ ಮೈಸೂರಿನ ಕಡೆ ಹಿರಿಯರು ಬಂದವರನ್ನು ‘ಯಾವಾಗ ಬರೋಣವಾಯ್ತು?’ ಎಂದು ವಿಚಾರಿಸುವುದನ್ನು ಈಗಲೂ ಕೇಳಬಹುದು. ಬೇಕು, ಬೇಡ, ಸಾಕು, ಗೊತ್ತು, ಆಯ್ತು, ಇಲ್ಲ ಇವೂ ಇದೇ ಗುಂಪಿನವು. ‘ಕಾಫಿ ಬೇಕಾ?’ ಎಂದು ಕೇಳಿದರೆ ಯಾರ ಮರ್ಯಾದೆಗೂ ಕುಂದಿಲ್ಲ.

ಆದರೆ ಈ ದಾರಿಗೆ ಒಂದು ಮಿತಿಯಿದೆ. ಮೂರು ಸಲ ಹೀಗೆ ತಪ್ಪಿಸಿಕೊಂಡರೆ ನೀವು ತಪ್ಪಿಸಿಕೊಳ್ಳುತ್ತಿದ್ದೀರೆಂದು ಎದುರಿನವರಿಗೆ ಗೊತ್ತಾಗುತ್ತದೆ. ಬಹುವಚನ ಕೊಡಲು ಮನಸ್ಸಿಲ್ಲ, ಏಕವಚನಕ್ಕೆ ಧೈರ್ಯವಿಲ್ಲ ಎಂಬ ಅರ್ಥ ಬರುತ್ತದೆ. ಹಿಂದೆ ಜಾತಿ, ಅಂತಸ್ತಿನ ಕಾರಣಕ್ಕೆ ‘ನೀವು’ ಎನ್ನಲು ಒಪ್ಪದವರು ಇಂಥ ವಾಕ್ಯಗಳಲ್ಲೇ ಮಾತು ಮುಗಿಸುತ್ತಿದ್ದುದುಂಟು, ಆದ್ದರಿಂದ ಕೆಲವರಿಗೆ ಅದು ಹಳೆಯ ಕಹಿಯನ್ನೂ ನೆನಪಿಸಬಹುದು. ಒಂದು ವಾಕ್ಯ ಹೀಗೆ ಆಡಿ, ಎರಡನೆಯದರಲ್ಲಿ ‘ನಿಮ್ಮ’ ಅಥವಾ ‘ಇದ್ದೀರಾ’ ಎಂದು ಸ್ಪಷ್ಟವಾಗಿ ಬರಲಿ.

ಸೆಕ್ಯುರಿಟಿಯವರ, ಆಟೋದವರ, ಮನೆಕೆಲಸಕ್ಕೆ ಬರುವವರ ವಿಷಯದಲ್ಲಿ ನನ್ನದು ಖಚಿತವಾದ ಅಭಿಪ್ರಾಯ: ಬಹುವಚನವೇ ಸರಿ. ಬೆಂಗಳೂರಿನಲ್ಲಿ ಬಹಳ ಮಂದಿ ಇವರಿಗೆ ‘ನೀನು’ ಎನ್ನುವುದನ್ನು ನೀವು ಕೇಳುತ್ತೀರಿ, ಅದನ್ನು ನೋಡಿ ಕಲಿಯಬೇಡಿ. ನಮ್ಮ ಊರುಗಳಲ್ಲಿ ಮೇಲಿನವರೆನಿಸಿಕೊಂಡವರ ಮನೆಯ ಹತ್ತು ವರ್ಷದ ಹುಡುಗ ಅರವತ್ತು ವರ್ಷದ ಆಳಿಗೆ ‘ಏನೋ, ಬಾರೋ’ ಎನ್ನುತ್ತಿದ್ದ, ಆ ಮುದುಕ ಅವನಿಗೆ ‘ಬುದ್ದಿ’, ‘ಸ್ವಾಮಿ’ ಎನ್ನಬೇಕಿತ್ತು. ಅದನ್ನು ಕಂಡವರು, ಅನುಭವಿಸಿದವರ ಮಕ್ಕಳು ಇಂದು ಈ ಕೆಲಸಗಳಲ್ಲಿದ್ದಾರೆ. ನಿಮ್ಮ ಬಾಯಿಯ ‘ನೀನು’ ಪುಣೆಯ ಮನೆಯ ಸಲಿಗೆಯಿಂದ ಬಂದದ್ದೆಂದು ಅವರಿಗೆ ತಿಳಿಯುವ ದಾರಿಯೇ ಇಲ್ಲ. ಅವರ ಕಿವಿಗೆ ಅದು ಆ ಹಳೆಯ ‘ನೀನು’ ಆಗಿಯೇ ಕೇಳುತ್ತದೆ. ಗೇಟಿನಲ್ಲಿ ‘ನಮಸ್ಕಾರ ಮೇಡಂ’ ಎಂದವರಿಗೆ ‘ನಮಸ್ಕಾರ ಅಣ್ಣ, ಚೆನ್ನಾಗಿದ್ದೀರಾ?’ ಎನ್ನಿ. ಇಲ್ಲಿ ‘ಅಣ್ಣ’ ಎಂದ ಮೇಲೂ ಕ್ರಿಯಾಪದ ಬಹುವಚನದಲ್ಲೇ ಉಳಿಯಬೇಕು. ‘ಅಣ್ಣಾ, ಸ್ವಲ್ಪ ಗೇಟ್ ತೆಗಿ’ ಎಂದರೆ ಮುಂದಿಟ್ಟ ‘ಅಣ್ಣ’ ಹಿಂದಿನ ‘ತೆಗಿ’ಯನ್ನು ಮುಚ್ಚುವುದಿಲ್ಲ. ‘ತೆಗೀರಿ’ ಎನ್ನಿ. ಆಟೋದವರಿಗೂ ‘ಅಣ್ಣ, ಜಯನಗರಕ್ಕೆ ಬರ್ತೀರಾ?’ ಎಂದು ಕೇಳಿ. ವಯಸ್ಸು ಇಪ್ಪತ್ತೆರಡೇ ಇದ್ದರೂ ಹಾಗೆಯೇ.

ಮಕ್ಕಳ ವಿಷಯ ಸುಲಭ. ಹೈಸ್ಕೂಲಿನವರೆಗೆ ‘ನೀನು’ ಸಹಜ. ‘ಹೆಸರೇನು ಪುಟ್ಟಾ?’, ‘ಯಾವ ಕ್ಲಾಸು ನೀನು?’ ಎಂದು ಕೇಳಬಹುದು. ಕಾಲೇಜಿಗೆ ಹೋಗುವವರಿಗೆ ಅಪರಿಚಿತರಾಗಿರುವವರೆಗೆ ‘ನೀವು’.

ಓರಗೆಯವರು ‘ಹಾಯ್, ಹೇಗಿದ್ದೀಯಾ?’ ಎಂದು ಬಂದಾಗ ಮಾತ್ರ ಸ್ವಲ್ಪ ಯೋಚನೆ ಬೇಕಾಗುತ್ತದೆ. ಹಿರಿಯರ ಏಕವಚನದಂತೆ ಇದು ವಯಸ್ಸಿನಿಂದ ಬಂದದ್ದಲ್ಲ, ಸಲಿಗೆಗೆ ಬಂದ ಆಹ್ವಾನ. ಆಹ್ವಾನ ಒಪ್ಪುವುದು, ಬಿಡುವುದು ನಿಮ್ಮ ಕೈಯಲ್ಲಿದೆ. ಒಪ್ಪಿಗೆಯಿದ್ದರೂ ಮೊದಲ ಉತ್ತರವನ್ನು ‘ಚೆನ್ನಾಗಿದ್ದೀನಿ, ನೀವು?’ ಎಂದೇ ಕೊಡಿ. ಅವರಿಗೆ ನಿಜವಾಗಿ ಸಲಿಗೆ ಬೇಕಿದ್ದರೆ ‘ಅಯ್ಯೋ, ನೀವು ಗೀವು ಎಲ್ಲ ಬೇಡ, ನೀನು ಅನ್ನು’ ಎಂದು ಬಾಯಿಬಿಟ್ಟೇ ಹೇಳುತ್ತಾರೆ. ಆಗ ಇಳಿದರೆ ಯಾರಿಗೂ ಮುಜುಗರವಿಲ್ಲ. ಇನ್ನು ಕೆಲವರು ನಿಮ್ಮ ‘ನೀವು’ ಕೇಳಿ ತಾವೇ ‘ನೀವು’ಗೆ ಏರುತ್ತಾರೆ, ಅಲ್ಲಿಗೆ ಆ ಮಾತು ಮುಗಿಯಿತು. ಒಬ್ಬ ಅಪರಿಚಿತ ಗಂಡಸು ನಿಮಗೆ ಇಷ್ಟವಿಲ್ಲದ ಸಲಿಗೆಯಿಂದ ಏಕವಚನ ಬಳಸುತ್ತಿದ್ದರೆ, ನೀವು ಬಿಡದೆ ಬಹುವಚನದಲ್ಲೇ ಉತ್ತರಿಸುವುದು ಒಳ್ಳೆಯ ಬೇಲಿ. ‘ಹೇಳಿ, ಏನಾಗಬೇಕಿತ್ತು?’ ಎಂಬ ವಾಕ್ಯದಲ್ಲಿ ಒರಟುತನ ಒಂದಿಷ್ಟೂ ಇಲ್ಲ, ಅಂತರ ಮಾತ್ರ ಪೂರ್ತಿ ಇದೆ. ರಸ್ತೆಯಲ್ಲಿ ಜಗಳಕ್ಕೆ ಬಂದವರು ‘ಏನೋ’, ‘ಏನೇ’ ಎಂದರೂ ಬಹುವಚನ ಬಿಡಬೇಡಿ. ನಮ್ಮಲ್ಲಿ ಜಗಳ ಮಾತಿನಿಂದ ಕೈಗೆ ಹೋಗುವ ಮೊದಲು ಬಹುವಚನದಿಂದ ಏಕವಚನಕ್ಕೆ ಇಳಿಯುತ್ತದೆ. ‘ಏಕವಚನದಲ್ಲಿ ಮಾತಾಡಬೇಡಿ’ ಎಂದು ಹೇಳುವ ಹಕ್ಕು ಉಳಿಯಬೇಕಾದರೆ ನೀವು ಇಳಿದಿರಬಾರದು.

‘ತಾವು’ ಬಗ್ಗೆ ನೀವು ಕೇಳಿಲ್ಲ, ಆದರೂ ಎದುರಾಗುತ್ತದೆ. ಇದು ‘ನೀವು’ಗಿಂತ ಒಂದು ಮೆಟ್ಟಿಲು ಮೇಲೆ. ಕ್ರಿಯಾಪದ ಬದಲಾಗುವುದಿಲ್ಲ: ‘ತಾವು ಬನ್ನಿ’, ‘ತಾವು ಚೆನ್ನಾಗಿದ್ದೀರಾ?’. ವೇದಿಕೆಯ ಮೇಲೆ, ಮಠದ ಸ್ವಾಮಿಗಳ ಮುಂದೆ, ತೀರಾ ಹಿರಿಯರ ಜೊತೆ ಇದು ಒಪ್ಪುತ್ತದೆ. ಲಿಫ್ಟಿನಲ್ಲಿ ಓರಗೆಯವರಿಗೆ ‘ತಾವು’ ಎಂದರೆ ನಾಟಕದ ಮಾತಿನಂತಾಗುತ್ತದೆ. ಆದರೆ ಒಂದು ಕಡೆ ಎಲ್ಲರೂ ಇದನ್ನು ಬಳಸುತ್ತಾರೆ, ನೀವೂ ಬಳಸಿ. ನಿಮ್ಮನ್ನು ಮಾತಾಡಿಸಿದವರು ಯಾರೆಂದು ಗುರುತು ಸಿಗದಿದ್ದಾಗ ‘ಕ್ಷಮಿಸಿ, ತಮ್ಮ ಪರಿಚಯ ಆಗಲಿಲ್ಲ’ ಎನ್ನುವುದು. ‘ನೀವು ಯಾರು?’ ಎಂದರೆ ಬಹುವಚನವಿದ್ದೂ ವಿಚಾರಣೆಯ ಹಾಗೆ ಕೇಳುತ್ತದೆ. ಗೊತ್ತಿಲ್ಲದ ನಂಬರಿನಿಂದ ‘ಹೇಗಿದ್ದೀಯಾ?’ ಎಂದು ಮೆಸೇಜ್ ಬಂದಾಗಲೂ ಇದೇ ವಾಕ್ಯ ಸಾಕು. ಹಳೆಯ ಗೆಳತಿಯಾಗಿದ್ದರೆ ನಕ್ಕು ಹೆಸರು ಹೇಳುತ್ತಾಳೆ, ಬೇರೆಯವರಾಗಿದ್ದರೆ ಅಂತರ ಉಳಿಯುತ್ತದೆ.

ಬೆಂಗಳೂರು ಬಿಟ್ಟು ಹೊರಗೆ ಹೋದಾಗ ಎರಡು ವಿಷಯ ತಿಳಿದಿರಲಿ. ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಗೌರವ ‘ರಿ’ಯಲ್ಲಿದೆ, ಮತ್ತು ಅದು ಕ್ರಿಯಾಪದಕ್ಕಷ್ಟೇ ಅಂಟಿಕೊಳ್ಳುವುದಿಲ್ಲ. ‘ಊಟ ಆತೇನ್ರಿ?’ ಎಂದು ಕೇಳಿದರೆ ‘ಆತ್ರಿ, ನಿಮ್ದ್ ಆತೇನ್ರಿ?’ ಎನ್ನಬೇಕು. ‘ಆರಾಮ ಅದೀರೇನ್ರಿ?’ ಎಂದರೆ ‘ಹೂನ್ರಿ, ಆರಾಮ ಅದೀನ್ರಿ’. ಈ ‘ಅದೀನ್ರಿ’ಯಲ್ಲಿ ಕ್ರಿಯಾಪದ ನಿಮ್ಮ ಬಗ್ಗೆಯೇ ಇದೆ, ಕೊನೆಯ ‘ರಿ’ ಮಾತ್ರ ಕೇಳುವವರಿಗೆ ಸಲ್ಲುತ್ತದೆ. ಬೆಂಗಳೂರಿನಲ್ಲಿ ‘ಸಾರ್’ ಮಾಡುವ ಕೆಲಸವನ್ನು ಅಲ್ಲಿ ಅದೊಂದು ಅಕ್ಷರ ಮಾಡುತ್ತದೆ. ಅಲ್ಲಿ ಬರೀ ‘ಹೌದು’, ‘ಇಲ್ಲ’ ಎಂದರೆ ಸಿಡುಕಿನಂತೆ ಕೇಳುತ್ತದೆ, ‘ಹೌದ್ರಿ’, ‘ಇಲ್ಲರಿ’ ಎನ್ನಬೇಕು. ಕಲಿತ ಈ ‘ರೀ’ಯನ್ನು ಬೆಂಗಳೂರಿಗೆ ಹಾಗೇ ತರಬೇಡಿ. ಇಲ್ಲಿ ಗೊತ್ತಿಲ್ಲದವರನ್ನು ‘ಏನ್ರೀ’ ಎಂದು ಸ್ವಲ್ಪ ಎತ್ತರದ ದನಿಯಲ್ಲಿ ಕರೆದರೆ ಜಗಳದ ಮೊದಲ ಮಾತಾಗುತ್ತದೆ. ಬರೀ ‘ರೀ’ ಎಂಬುದು ಹೆಂಡತಿ ಗಂಡನನ್ನು ಕರೆಯುವ ಪದವೂ ಹೌದು.

ಎರಡನೆಯದು ಮಂಡ್ಯ, ಹಾಸನ, ಚಾಮರಾಜನಗರದ ಹಳ್ಳಿಗಳು. ಅಲ್ಲಿ ಮೊದಲ ಭೇಟಿಯಲ್ಲೇ ‘ಯಾವೂರವ್ವ ನಿಂದು?’ ಎಂದು ಕೇಳುವ ಅಜ್ಜಿಯರು ಸಿಗುತ್ತಾರೆ. ಆ ಊರುಗಳಲ್ಲಿ ಮನೆಯೊಳಗೆ ಹೆತ್ತವರಿಗೂ ಏಕವಚನ, ನಂಟಸ್ತಿಕೆಯ ಪದ ಸೇರಿಸಿದರೆ ಅದೇ ಗೌರವ. ನಿಮ್ಮ ಮನೆಯ ಕನ್ನಡ ಬಹುಶಃ ಇಂಥದೇ ಬೇರಿನಿಂದ ಬಂದಿರಬೇಕು. ಆದರೂ ಹೊರಗಿನಿಂದ ಬಂದ, ಓದಿದ ಹುಡುಗಿಯಿಂದ ಅವರು ನಿರೀಕ್ಷಿಸುವುದು ‘ನಮ್ಮದು ಪುಣೆ ಅಜ್ಜಿ, ನೀವು ಹುಷಾರಾಗಿದ್ದೀರಾ?’ ಎಂಬ ಮಾತನ್ನೇ. ಕರಾವಳಿಯಲ್ಲಿ ನಿಮಗೆ ಕಷ್ಟವಿಲ್ಲ. ತುಳು, ಕೊಂಕಣಿ ಮನೆಮಾತಾಗಿರುವವರ ಕನ್ನಡ ಪುಸ್ತಕದ ಭಾಷೆಗೆ ಹತ್ತಿರ, ‘ನೀವು’, ‘ಇದ್ದೀರಿ’ ಅಲ್ಲಿ ಪೂರ್ತಿ ಉಚ್ಚಾರವಾಗಿ ಕೇಳುತ್ತದೆ. ಅಲ್ಲಿನ ‘ಮಾರಾಯ’, ‘ಮಾರಾಯ್ತಿ’ ಸಲಿಗೆಯವು, ‘ಮಾರಾಯ್ರೆ’ ಬಹುವಚನದ್ದು. ಮೊದಲ ದಿನವೇ ಇವನ್ನು ನಕಲು ಮಾಡುವ ಅಗತ್ಯವಿಲ್ಲ.

ಇಷ್ಟೆಲ್ಲ ಎಚ್ಚರವಿದ್ದೂ ‘ನೀನು’ ಬಾಯಿಂದ ಜಾರಿದರೆ, ಎಲ್ಲಿ ಜಾರಿತೋ ಆ ಕ್ರಿಯಾಪದವನ್ನೇ ಸರಿಯಾದ ರೂಪದಲ್ಲಿ ಇನ್ನೊಮ್ಮೆ ಹೇಳಿ ಮುಂದೆ ಹೋಗಿ. ‘ಆಫೀಸಿಗೆ ಹೊರಟ್ಯಾ... ಹೊರಟ್ರಾ ಸಾರ್?’ ಎಂದರೆ ಸಾಕು. ಬಹಳ ಜನ ಇಲ್ಲಿ ಪದಕ್ಕೆ ಮಾತ್ರ ಕ್ಷಮೆ ಕೇಳಿ, ಮರುವಾಕ್ಯದಲ್ಲಿ ಮತ್ತೆ ‘ಇದ್ದೀಯಾ’ ಎಂದುಬಿಡುತ್ತಾರೆ, ಆಗ ಕ್ಷಮೆಗೆ ಬೆಲೆ ಉಳಿಯುವುದಿಲ್ಲ. ತಪ್ಪಾದ ಸ್ವಲ್ಪ ಹೊತ್ತಿನ ಮೇಲೆ ನೆನಪಾದರೆ ಹಿಂದಕ್ಕೆ ಹೋಗಬೇಡಿ, ಮುಂದಿನ ವಾಕ್ಯದಲ್ಲಿ ‘ನಿಮ್ಮ’, ‘ನೀವು’ ಎರಡೂ ಸ್ಪಷ್ಟವಾಗಿ ಬರುವ ಹಾಗೆ ನೋಡಿಕೊಳ್ಳಿ.

ಅವರಿಗೆ ನೋವಾಗಿದೆಯೇ ಎಂದು ತಿಳಿಯುವುದು ಹೇಗೆ? ಬೇಸರವಾದವರು ಬೈಯುವುದು ಕಡಿಮೆ. ಅವರ ಮಾತು ಚಿಕ್ಕದಾಗುತ್ತದೆ, ‘ಹೂಂ’, ‘ಸರಿ’ ಎಂದಷ್ಟೇ ಬರುತ್ತದೆ. ಕೆಲವರು ಥಟ್ಟನೆ ಇಂಗ್ಲಿಷಿಗೆ ಹೊರಳುತ್ತಾರೆ. ಅಲ್ಲಿಯವರೆಗೆ ‘ನೀನು’ ಎನ್ನುತ್ತಿದ್ದ ಹಿರಿಯರು ಇದ್ದಕ್ಕಿದ್ದಂತೆ ‘ತಾವು’, ‘ತಮ್ಮ’ ಎಂದು ಶುರು ಮಾಡಿದರೆ ಅದು ನಿಮಗೆ ಬಿದ್ದ ಪೆಟ್ಟು, ಗೌರವ ಎಂದುಕೊಳ್ಳಬೇಡಿ. ಇವುಗಳಲ್ಲಿ ಯಾವುದಾದರೂ ಕಂಡರೆ ಆಗ ವಿವರಣೆ ಕೊಡಿ: ‘ತಪ್ಪು ತಿಳ್ಕೋಬೇಡಿ ಸಾರ್, ನಾನು ಬೆಳೆದದ್ದು ಪುಣೆಯಲ್ಲಿ. ನಮ್ಮ ಮನೇಲಿ ದೊಡ್ಡವರಿಗೂ ನೀನು ಅಂತಾನೇ ಅಭ್ಯಾಸ, ಬಾಯಿಗೆ ಅದೇ ಬಂತು.’ ಈ ಮಾತು ನಿಜ, ಮತ್ತು ಇದನ್ನು ಕೇಳಿದವರು ಬಹುಪಾಲು ಕರಗುತ್ತಾರೆ. ಆದರೆ ಒಬ್ಬರಿಗೆ ಒಂದೇ ಸಲ ಹೇಳಬಹುದಾದ ಮಾತು ಇದು.

ಕೊನೆಯದಾಗಿ, ‘ನೀವು’ನಿಂದ ‘ನೀನು’ಗೆ ಯಾವಾಗ ಇಳಿಯಬಹುದು ಎಂಬುದು. ಆ ಮಾತನ್ನು ಮೊದಲು ಎತ್ತಬೇಕಾದವರು ವಯಸ್ಸಿನಲ್ಲಿ ಹಿರಿಯರು. ಓರಗೆಯ ಗಂಡು ಹೆಣ್ಣಿನ ನಡುವೆ ಆದರೆ ಹೆಣ್ಣು ಎತ್ತಿದರೆ ಒಳ್ಳೆಯದು. ಇಳಿದ ಮೇಲೆ ಮತ್ತೆ ಹತ್ತುವುದು ಕಷ್ಟ. ಆರು ತಿಂಗಳು ‘ನೀನು’ ಎಂದ ಗೆಳತಿಗೆ ಒಂದು ದಿನ ‘ನೀವು’ ಎಂದರೆ ನಿಮಗೆ ಕೋಪ ಬಂದಿದೆ ಎಂದೇ ಆಕೆ ತಿಳಿಯುತ್ತಾಳೆ. ಆದ್ದರಿಂದ ಪಕ್ಕದ ಮನೆಯವರು ಎರಡನೇ ದಿನವೇ ‘ನೀನು ಅನ್ನು’ ಎಂದರೂ, ನಿಮಗೆ ಇಷ್ಟು ಬೇಗ ಬೇಡ ಎನಿಸಿದರೆ ‘ಅಭ್ಯಾಸ ಆಗ್ಬೇಕು, ಸ್ವಲ್ಪ ದಿನ ಬಿಡಿ’ ಎಂದು ನಗುತ್ತಾ ಹೇಳಿ. ಈ ‘ಬಿಡಿ’ಯಲ್ಲೂ ಬಹುವಚನವಿದೆ, ಅದಕ್ಕೆ ಯಾರೂ ತಪ್ಪು ತಿಳಿಯುವುದಿಲ್ಲ.